ಮುಗಿದ ಮೇ ತಿಂಗಳ ಲೆಕ್ಕ ಜುಲೈನಲ್ಲಿ ಬದಲಾಯಿತು

ತುಮಕೂರು ಕಡೆಯ ಒಂದು ದಿನಸಿ ಅಂಗಡಿಗೆ ಮೂರು ಶಾಖೆಗಳಿವೆ. ಅವರ ಮಾರಾಟದ ರಿಪೋರ್ಟುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. 2025ರ ಜುಲೈ ಎರಡನೇ ವಾರ, ಹಿಟ್ಟಿನ ವಿಭಾಗ ನೋಡಿಕೊಳ್ಳುವ ಹೆಣ್ಣುಮಗಳು ಎರಡು ಹಾಳೆ ಹಿಡಿದುಕೊಂಡು ಬಂದರು. ಒಂದು, ಮೇ 31ರ ರಾತ್ರಿ ಅಂಗಡಿ ಮುಚ್ಚಿದ ಮೇಲೆ ತೆಗೆದ ಪ್ರಿಂಟ್. ಅದರಲ್ಲಿ ಅವರ ವಿಭಾಗದ ಮೇ ತಿಂಗಳ ಮಾರಾಟ 3,04,000 ರೂಪಾಯಿ. ಇನ್ನೊಂದು ಆ ದಿನವೇ ತೆಗೆದದ್ದು. ಅದೇ ಮೇ ತಿಂಗಳು, ಅದೇ ವಿಭಾಗ, 2,96,500 ರೂಪಾಯಿ.

“ಸರ್, ಮೇ ತಿಂಗಳು ಮುಗಿದು ಹೋಗಿದೆ. ಮಾರಿದ್ದು ಮಾರಿ ಆಗಿದೆ. ಈಗ ಹೇಗೆ ಕಡಿಮೆ ಆಗುತ್ತೆ?”

ಅವರ ಟಾರ್ಗೆಟ್ ತಿಂಗಳಿಗೆ 3 ಲಕ್ಷ. ಮುಟ್ಟಿದ ತಿಂಗಳಿಗೆ 2,000 ರೂಪಾಯಿ ಇನ್ಸೆಂಟಿವ್. ಮೂರು ತಿಂಗಳಿಗೊಮ್ಮೆ ಲೆಕ್ಕ ಹಾಕಿ ಕೊಡುತ್ತಾರೆ. ಮೊದಲ ಹಾಳೆಯ ಪ್ರಕಾರ ಅವರು ಟಾರ್ಗೆಟ್ ದಾಟಿದ್ದರು, ಎರಡನೆಯದರ ಪ್ರಕಾರ ದಾಟಿಲ್ಲ. ಜೂನ್ ಇನ್ನೂ ಕೆಟ್ಟಿತ್ತು. ತಿಂಗಳ ಕೊನೆಯಲ್ಲಿ 3,28,000 ಇದ್ದದ್ದು ಈಗ 2,83,000.

ವಾಪಸ್ ಬಂದ ಸಾಮಾನು ಇರಬಹುದು ಎಂದುಕೊಂಡೆ. ಆದರೆ ಅಂಗಡಿಯ ಮೇ ತಿಂಗಳ ಒಟ್ಟು ಮಾರಾಟ ಎರಡೂ ಹಾಳೆಗಳಲ್ಲಿ ಒಂದೇ ಇತ್ತು. ವಾಪಸ್ಸು ಕಳೆದಿದ್ದರೆ ಒಟ್ಟೂ ಇಳಿಯಬೇಕಿತ್ತು. ಹಾಗಾದರೆ ಹಿಟ್ಟಿನಿಂದ ಹೋದ 7,500 ಅಂಗಡಿಯಲ್ಲೇ ಇನ್ನೆಲ್ಲೋ ಇರಬೇಕು. ಹುಡುಕಿದಾಗ ‘ಸಿರಿಧಾನ್ಯ’ ವಿಭಾಗ ಸರಿಯಾಗಿ 7,500 ರೂಪಾಯಿಯಷ್ಟು ಹೆಚ್ಚಾಗಿತ್ತು. ಹಣ ಕಳೆದಿರಲಿಲ್ಲ, ಮನೆ ಬದಲಿಸಿತ್ತು.

ಮನೆ ಬದಲಿಸಿದ್ದು ರಾಗಿ ಹುರಿಹಿಟ್ಟು. ಆ ಅಂಗಡಿಯಲ್ಲಿ ಅದರ ಸರಕು ಸಂಖ್ಯೆ 4107, ದಿನಕ್ಕೆ ಸುಮಾರು 1,500 ರೂಪಾಯಿ ವ್ಯಾಪಾರ. ಜುಲೈ 1ರಿಂದ ಸಿರಿಧಾನ್ಯಕ್ಕೆ ಬೇರೆ ರ‍್ಯಾಕ್ ಮಾಡಬೇಕೆಂದು ಮಾಲೀಕರು ತೀರ್ಮಾನಿಸಿ ಹುರಿಹಿಟ್ಟನ್ನೂ ಅಲ್ಲಿಗೆ ಸೇರಿಸಿದ್ದರು. ಜೂನ್ 30ರ ರಾತ್ರಿ, ತಿಂಗಳ ಪ್ರಿಂಟ್ ತೆಗೆದಾದ ಮೇಲೆ, ಯಾರೋ ಐಟಂ ಮಾಸ್ಟರ್ ತೆರೆದು 4107ರ ಮುಂದಿದ್ದ ‘ಹಿಟ್ಟು’ ಅಳಿಸಿ ‘ಸಿರಿಧಾನ್ಯ’ ಎಂದು ಬರೆದರು. ಅವರು ಮಾಡಿದ್ದರಲ್ಲಿ ತಪ್ಪಿಲ್ಲ. ತಪ್ಪು ಇದ್ದದ್ದು ನಾನು ಕಟ್ಟಿದ ವ್ಯವಸ್ಥೆಯಲ್ಲಿ.

ಇಂಥ ಲೆಕ್ಕದಲ್ಲಿ ಎರಡು ಬಗೆಯ ಪಟ್ಟಿಗಳಿರುತ್ತವೆ. ಒಂದು ಬಿಲ್ಲುಗಳದ್ದು: ಯಾವ ದಿನ, ಯಾವ ಸರಕು, ಎಷ್ಟು ರೂಪಾಯಿ. ಅದು ದಿನವೂ ಬೆಳೆಯುತ್ತದೆ. ಇನ್ನೊಂದು ಐಟಂ ಮಾಸ್ಟರ್: 4107 ಎಂದರೆ ರಾಗಿ ಹುರಿಹಿಟ್ಟು, ಅದು ಇಂಥ ವಿಭಾಗ. ಇದು ವರ್ಷಕ್ಕೆ ಒಂದೋ ಎರಡೋ ಸಲ ಬದಲಾದರೆ ಹೆಚ್ಚು. ಬಿಲ್ಲಿನಲ್ಲಿ ವಿಭಾಗ ಇರುವುದಿಲ್ಲ. ಎರಡೂ ಪಟ್ಟಿಯನ್ನು ಸರಕು ಸಂಖ್ಯೆಯ ಮೇಲೆ ಜೋಡಿಸಿದಾಗಲೇ ‘ಹಿಟ್ಟಿನ ವಿಭಾಗದ ಮಾರಾಟ’ ಎಂಬ ಅಂಕಿ ಹುಟ್ಟುತ್ತದೆ. ಹೀಗೆ ನಿಧಾನವಾಗಿ ಬದಲಾಗುವ ಪಟ್ಟಿಗಳಿಗೆ ಅಮೆರಿಕದ ರಾಲ್ಫ್ ಕಿಂಬಾಲ್ ‘ಸ್ಲೋಲಿ ಚೇಂಜಿಂಗ್ ಡೈಮೆನ್ಷನ್’ ಎಂದು ಹೆಸರಿಟ್ಟರು. 1996ರಲ್ಲಿ ಬಂದ ಅವರ ‘ದಿ ಡೇಟಾ ವೇರ್‌ಹೌಸ್ ಟೂಲ್‌ಕಿಟ್’ ಪುಸ್ತಕವನ್ನು ಈ ಕೆಲಸದವರು ಇಂದಿಗೂ ತೆರೆದು ನೋಡುತ್ತಾರೆ. ದಿನವೂ ಬದಲಾಗುವುದನ್ನು ಎಲ್ಲರೂ ಕಾಯುತ್ತಾರೆ. ಅಪರೂಪಕ್ಕೆ ಬದಲಾಗುವುದನ್ನು ಕಾಯುವವರಿಲ್ಲ, ಏಟು ಬೀಳುವುದು ಅಲ್ಲಿಂದಲೇ.

ಆದರೂ ಒಂದು ಪ್ರಶ್ನೆ ಉಳಿಯಿತು. ಬದಲಾವಣೆ ಆದದ್ದು ಜುಲೈ 1ಕ್ಕೆ. ಮೇ ತಿಂಗಳಿನಿಂದ 7,500 ಮಾತ್ರ ಏಕೆ ಹೋಯಿತು? ಏಪ್ರಿಲ್ ಏಕೆ ಹಾಗೇ ಉಳಿಯಿತು?

ಶಾಖೆಗಳಲ್ಲಿ ಇಂಟರ್‌ನೆಟ್ ಕೈಕೊಡುತ್ತದೆ. ಕೆಲವು ಬಿಲ್ಲುಗಳು ಎರಡು ದಿನ ತಡವಾಗಿ ಬರುತ್ತವೆ, ಕೆಲವನ್ನು ಆಮೇಲೆ ತಿದ್ದುತ್ತಾರೆ. ಅದಕ್ಕಾಗಿ ದಿನವೂ ಬೆಳಗಿನ ಜಾವ 2 ಗಂಟೆಗೆ ಹಿಂದಿನ 35 ದಿನಗಳ ಮಾರಾಟವನ್ನು ಅಳಿಸಿ, ಶಾಖೆಗಳಿಂದ ಹೊಸದಾಗಿ ತುಂಬಿಕೊಳ್ಳುವಂತೆ ನಾನೇ ಮಾಡಿದ್ದೆ. ತುಂಬುವಾಗ ಪ್ರತಿ ಬಿಲ್ಲಿಗೂ ಆ ಕ್ಷಣದಲ್ಲಿ ಐಟಂ ಮಾಸ್ಟರ್‌ನಲ್ಲಿರುವ ವಿಭಾಗದ ಮುದ್ರೆ ಬೀಳುತ್ತಿತ್ತು. ಜುಲೈ 1ರ ಬೆಳಗಿನ ಜಾವ ಅಳಿಸಿ ತುಂಬಿದ್ದು ಮೇ 27ರಿಂದ ಜೂನ್ 30ರವರೆಗಿನ ಬಿಲ್ಲುಗಳು. ಅಷ್ಟಕ್ಕೂ ‘ಸಿರಿಧಾನ್ಯ’ ಮುದ್ರೆ ಬಿತ್ತು. ಮೇ 27ರಿಂದ 31, ಐದು ದಿನ, ದಿನಕ್ಕೆ 1,500, ಒಟ್ಟು 7,500. ಜೂನ್‌ನ ಮೂವತ್ತು ದಿನಕ್ಕೆ 45,000. ಮೇ 27ಕ್ಕಿಂತ ಹಿಂದಿನದನ್ನು ಯಾರೂ ಮುಟ್ಟಲಿಲ್ಲ, ಅದು ‘ಹಿಟ್ಟು’ ಆಗಿಯೇ ಉಳಿಯಿತು.

ಗ್ರಾಫ್ ನೋಡಿದರೆ ಮೇ 27ರಂದು ಗಿರಾಕಿಗಳು ಹಿಟ್ಟು ಕೊಳ್ಳುವುದನ್ನು ಬಿಟ್ಟು ಸಿರಿಧಾನ್ಯಕ್ಕೆ ತಿರುಗಿದರು ಎಂದೇ ಕಾಣುತ್ತದೆ. ಆ ದಿನ ಅಂಗಡಿಯಲ್ಲಿ ಏನೂ ನಡೆದಿರಲಿಲ್ಲ. ಆ ತಾರೀಖು ವ್ಯಾಪಾರದ್ದಲ್ಲ, ನಾನು ಆರಿಸಿಕೊಂಡ 35 ಎಂಬ ಸಂಖ್ಯೆಯದ್ದು. ನಿಮ್ಮ ಆಫೀಸಿನ ಗ್ರಾಫಿನಲ್ಲಿ ಕಾರಣವಿಲ್ಲದೆ ತಿಂಗಳ ನಡುವೆ ಒಂದು ವಿಭಾಗ ಜಾರಿ ಇನ್ನೊಂದು ಅಷ್ಟೇ ಏರಿದ್ದರೆ, ಆ ದಿನಕ್ಕೂ ಐಟಂ ಮಾಸ್ಟರ್ ಬದಲಾದ ದಿನಕ್ಕೂ ಇರುವ ಅಂತರ ಎಣಿಸಿ. ಲೆಕ್ಕ ಹೊಸದಾಗಿ ತುಂಬುವ ಅವಧಿಗೆ ಅದು ಸರಿಹೊಂದಿದರೆ ರೋಗ ಸಿಕ್ಕಿತು.

ಇದು ಅಂಗಡಿಯ ಸಂಗತಿ ಮಾತ್ರ ಅಲ್ಲ. ಹರಪನಹಳ್ಳಿ ತಾಲ್ಲೂಕನ್ನೇ ನೋಡಿ. ಬಳ್ಳಾರಿ ಜಿಲ್ಲೆಯಲ್ಲಿದ್ದದ್ದು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು, ಆಮೇಲೆ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಊರು ಇದ್ದಲ್ಲೇ ಇದೆ. ‘2005ರಲ್ಲಿ ದಾವಣಗೆರೆ ಜಿಲ್ಲೆಯ ಬೆಳೆ ಎಷ್ಟು’ ಎಂದು ಕೇಳಿದಾಗ ಹರಪನಹಳ್ಳಿಯ ಹೊಲಗಳನ್ನು ಸೇರಿಸಬೇಕೋ ಬೇಡವೋ ಎಂಬುದು ತಾಲ್ಲೂಕು ಪಟ್ಟಿಯನ್ನು ಹೇಗೆ ಇಟ್ಟುಕೊಂಡಿದ್ದೀರಿ ಎನ್ನುವುದರ ಮೇಲೆ ನಿಂತಿದೆ.

ಪರಿಹಾರ ಕೇಳಲು ಸರಳ. ಹಳೆಯ ಸಾಲನ್ನು ಅಳಿಸಬಾರದು, ಮುಗಿಸಬೇಕು. ಪಟ್ಟಿಯಲ್ಲಿ ‘ಇಂದ’, ‘ವರೆಗೆ’ ಎಂದು ಎರಡು ಅಂಕಣ ಸೇರಿಸಿ, 4107ಕ್ಕೆ ಎರಡು ಸಾಲು ಇಡುತ್ತೇವೆ. ಮೊದಲ ಸಾಲು ‘ಹಿಟ್ಟು’, ಅಂಗಡಿಗೆ ಆ ಸರಕು ಬಂದ ದಿನದಿಂದ 2025ರ ಜುಲೈ 1ರವರೆಗೆ. ಎರಡನೆಯದು ‘ಸಿರಿಧಾನ್ಯ’, ಜುಲೈ 1ರಿಂದ ಮುಂದಕ್ಕೆ. ಮುಂದಿನ ಬದಲಾವಣೆ ಎಂದು ಬರುತ್ತದೋ ಗೊತ್ತಿಲ್ಲದ್ದರಿಂದ ಕೊನೆಯ ಸಾಲಿನ ‘ವರೆಗೆ’ ಅಂಕಣದಲ್ಲಿ 9999-12-31 ಎಂದು ಬರೆಯುವುದು ರೂಢಿ. ಇನ್ನು ಜೋಡಿಸುವಾಗ ಸರಕು ಸಂಖ್ಯೆ ಒಂದೇ ಸಾಲದು, ಬಿಲ್ಲಿನ ದಿನವೂ ಆ ಅವಧಿಯೊಳಗೆ ಬೀಳಬೇಕು.

```sql
SELECT v.vibhaga, SUM(m.motta)
FROM marata m
LEFT JOIN item_master v
  ON  v.saraku = m.saraku
  AND m.bill_dina >= v.inda
  AND m.bill_dina <  v.varege
GROUP BY v.vibhaga;
```

ಇದರಲ್ಲಿ ಕಣ್ಣಿಟ್ಟು ನೋಡಬೇಕಾದ್ದು ಎರಡು ಚಿಹ್ನೆಗಳನ್ನು. ‘ಇಂದ’ ದಿನಕ್ಕೆ `>=`, ‘ವರೆಗೆ’ ದಿನಕ್ಕೆ ಬರೀ `<`. ಅಂದರೆ ಜುಲೈ 1 ಹೊಸ ಸಾಲಿಗೆ ಸೇರಿತು, ಹಳೆಯದಕ್ಕೆ ಇಲ್ಲ. ಇಲ್ಲಿ `BETWEEN` ಬರೆದರೆ ಎರಡೂ ತುದಿ ಸೇರಿಕೊಳ್ಳುತ್ತವೆ. ಜುಲೈ 1ರ ಪ್ರತಿ ಹುರಿಹಿಟ್ಟಿನ ಬಿಲ್ಲು ಎರಡು ಸಾಲಿಗೂ ಅಂಟಿಕೊಂಡು ಆ ದಿನದ 1,500 ರೂಪಾಯಿ 3,000 ಆಗುತ್ತದೆ. ವಿರುದ್ಧ ತಪ್ಪೂ ಉಂಟು. ಹಳೆಯ ಸಾಲನ್ನು ಜೂನ್ 30ಕ್ಕೆ ಮುಗಿಸಿ `<` ಇಟ್ಟರೆ ಜೂನ್ 30ರ ಬಿಲ್ಲುಗಳಿಗೆ ಯಾವ ಸಾಲೂ ಸಿಗುವುದಿಲ್ಲ. ಬರೀ `JOIN` ಬರೆದಿದ್ದರೆ ಅವು ಸದ್ದಿಲ್ಲದೆ ಮಾಯವಾಗುತ್ತವೆ. `LEFT JOIN` ಇದ್ದರೆ ವಿಭಾಗವಿಲ್ಲದ ಒಂದು ಸಾಲಾಗಿ ಕಣ್ಣಿಗಾದರೂ ಬೀಳುತ್ತವೆ. ಬರೀ `JOIN` ಇದ್ದರೆ ಈ ಎರಡು ತಪ್ಪುಗಳಲ್ಲೂ ಒಟ್ಟು ಮಾರಾಟವೇ ಕದಲುತ್ತದೆ. ಆದ್ದರಿಂದ ಜೋಡಿಸುವ ಮೊದಲಿನ ಒಟ್ಟು, ಜೋಡಿಸಿದ ಮೇಲಿನ ಒಟ್ಟು ಎರಡನ್ನೂ ಪ್ರತಿ ರಾತ್ರಿ ಹೋಲಿಸಿದರೆ ಸಿಕ್ಕಿಬೀಳುತ್ತವೆ. ಹುರಿಹಿಟ್ಟಿನಂಥದ್ದು ಹಾಗೆ ಸಿಗುವುದಿಲ್ಲ, ಅಲ್ಲಿ ಒಟ್ಟು ಸರಿಯಾಗಿಯೇ ಇರುತ್ತದೆ. ಅದಕ್ಕೆ ಮುಗಿದ ತಿಂಗಳುಗಳ ವಿಭಾಗವಾರು ಮೊತ್ತವನ್ನು ಬೇರೆಯಾಗಿ ಬರೆದಿಟ್ಟು ತಾಳೆ ನೋಡಬೇಕು. ಆ ಹೆಣ್ಣುಮಗಳು ಹಳೆಯ ಪ್ರಿಂಟ್ ಜೋಪಾನವಾಗಿ ಇಟ್ಟುಕೊಂಡು ಮಾಡಿದ್ದು ಅದನ್ನೇ.

ವಾಪಸ್ಸಿನ ವಿಷಯದಲ್ಲಿ ನಾನು ಇನ್ನೊಮ್ಮೆ ಎಡವಿದೆ. ಜೂನ್ 28ರಂದು ಕೊಂಡ ಹುರಿಹಿಟ್ಟನ್ನು ಗಿರಾಕಿ ಜುಲೈ 3ರಂದು ಹಿಂದಿರುಗಿಸಿದರೆ, ಹಣ ಕಳೆಯಬೇಕಾದದ್ದು ಜುಲೈ ಲೆಕ್ಕದಲ್ಲಿ, ಆದರೆ ಯಾವ ವಿಭಾಗದಿಂದ? ಮಾರಿದಾಗ ಲಾಭ ಪಡೆದದ್ದು ಹಿಟ್ಟಿನ ವಿಭಾಗ, ಹಾಗಾಗಿ ಕಳೆಯಬೇಕಾದದ್ದೂ ಅಲ್ಲಿಂದಲೇ. ವಾಪಸ್ಸಿನ ತಾರೀಖು ಹಿಡಿದು ಜೋಡಿಸಿದರೆ ತಾನು ಮಾರದ ಸಾಮಾನಿನ ನಷ್ಟವನ್ನು ಸಿರಿಧಾನ್ಯದವರು ಹೊರುತ್ತಾರೆ. ಮೂಲ ಬಿಲ್ಲಿನ ತಾರೀಖನ್ನು ವಾಪಸ್ಸಿನ ಸಾಲಿನಲ್ಲೂ ಇಟ್ಟುಕೊಳ್ಳಲೇಬೇಕು. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದಾಗ ಇದರ ಬೆಲೆ ತಿಳಿಯಿತು. ಶಾಂಪೂ ಮೇಲಿನ ತೆರಿಗೆ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಸೆಪ್ಟೆಂಬರ್ 20ರ ಬಿಲ್ಲಿನ ಶಾಂಪೂ 25ರಂದು ವಾಪಸ್ ಬಂದರೆ ಹಿಂದಿರುಗಿಸಬೇಕಾದ ತೆರಿಗೆ ಶೇ 18ರದ್ದೇ.

ಹಾಗೆಂದು ಹಳೆಯ ಸಾಲನ್ನು ಎಲ್ಲ ಸಲವೂ ಉಳಿಸಬೇಕಿಲ್ಲ. ಯಾರೋ ಕೈತಪ್ಪಿ ಹುರಿಗಡಲೆಯನ್ನು ಸಾಬೂನಿನ ವಿಭಾಗಕ್ಕೆ ಹಾಕಿದ್ದರೆ ಅದನ್ನು ಅಳಿಸಿ ಬರೆಯುವುದೇ ಸರಿ. ಹುರಿಗಡಲೆ ಎಂದೂ ಸಾಬೂನು ಆಗಿರಲಿಲ್ಲ. ತಪ್ಪನ್ನು ತಿದ್ದುವುದು ಬೇರೆ, ಬದಲಾವಣೆಯನ್ನು ದಾಖಲಿಸುವುದು ಬೇರೆ. ಇವೆರಡರಲ್ಲಿ ಯಾವುದು ಎಂದು ಕಂಪ್ಯೂಟರಿಗೆ ತಿಳಿಯದು, ಬರೆಯುವವರನ್ನೇ ಕೇಳಬೇಕು. ಈಗ ಆ ಅಂಗಡಿಯ ಐಟಂ ಮಾಸ್ಟರ್‌ನಲ್ಲಿ ವಿಭಾಗ ಬದಲಿಸಲು ಹೋದರೆ ‘ತಪ್ಪು ತಿದ್ದುಪಡಿಯೋ, ಬದಲಾವಣೆಯೋ, ಯಾವ ದಿನದಿಂದ’ ಎಂದು ಕೇಳುತ್ತದೆ. ದಿನವನ್ನು ಕೈಯಿಂದಲೇ ಬರೆಯಬೇಕು. ಬರೆದ ದಿನವನ್ನೇ ಬದಲಾದ ದಿನ ಎಂದು ಹಿಡಿದರೆ, ಜುಲೈ 1ರ ಬದಲಾವಣೆಯನ್ನು 10ರಂದು ನಮೂದಿಸಿದಾಗ ನಡುವಿನ ಒಂಬತ್ತು ದಿನ ಕೆಡುತ್ತದೆ.

ಮಾಲೀಕರದ್ದು ಬೇರೆಯೇ ಪ್ರಶ್ನೆ: “ಸಿರಿಧಾನ್ಯ ಹೋದ ವರ್ಷಕ್ಕಿಂತ ಹೆಚ್ಚು ಹೋಗ್ತಿದೆಯಾ?” ಇದಕ್ಕೆ ಆಗಿನ ವಿಭಾಗ ಹಿಡಿದು ಲೆಕ್ಕ ಹಾಕಿದರೆ ಹೋದ ವರ್ಷದ ಸಿರಿಧಾನ್ಯದಲ್ಲಿ ಹುರಿಹಿಟ್ಟೇ ಇರುವುದಿಲ್ಲ, ಏರಿಕೆ ಸುಳ್ಳು ಸುಳ್ಳೇ ದೊಡ್ಡದಾಗಿ ಕಾಣುತ್ತದೆ. ಇಲ್ಲಿ ಇಂದಿನ ವಿಭಾಗವನ್ನೇ ಹಿಂದಿನ ಎಲ್ಲ ಬಿಲ್ಲುಗಳಿಗೂ ಹಚ್ಚುವುದು ನ್ಯಾಯ. ಎರಡು ಸಾಲೂ ಉಳಿಸಿಕೊಂಡಿದ್ದರೆ ಅದನ್ನೂ ಮಾಡಬಹುದು: ಬಿಲ್ಲಿನ ದಿನ ಬಿಟ್ಟು, ಕೊನೆಯ ಸಾಲನ್ನು ಮಾತ್ರ ಜೋಡಿಸಿದರಾಯಿತು. ಅಳಿಸಿ ಬರೆದಿದ್ದರೆ ಆಗಿನ ಲೆಕ್ಕಕ್ಕೆ ಮರಳುವ ದಾರಿಯೇ ಇರುವುದಿಲ್ಲ. ಈಗ ಎರಡೂ ರಿಪೋರ್ಟ್ ಇವೆ. ಒಂದರ ತಲೆಬರಹದಲ್ಲಿ ‘ಮಾರಿದ ದಿನದ ವಿಭಾಗ’, ಇನ್ನೊಂದರಲ್ಲಿ ‘ಇಂದಿನ ವಿಭಾಗ’ ಎಂದು ದಪ್ಪಕ್ಷರದಲ್ಲಿ ಬರೆದಿದೆ. ಇನ್ಸೆಂಟಿವ್ ಲೆಕ್ಕ ಮೊದಲನೆಯದರಿಂದ ಮಾತ್ರ.

ಮೇ 27ರಿಂದ ಮುಂದಿನ ಬಿಲ್ಲುಗಳನ್ನೆಲ್ಲ ಎರಡು ಸಾಲಿನ ಐಟಂ ಮಾಸ್ಟರ್ ಜೊತೆ ಮತ್ತೆ ತುಂಬಿದೆವು. ಹಿಟ್ಟಿನ ವಿಭಾಗದ ಮೇ 3,04,000ಕ್ಕೆ, ಜೂನ್ 3,28,000ಕ್ಕೆ ಮರಳಿತು. ತಡೆಹಿಡಿದಿದ್ದ 4,000 ರೂಪಾಯಿ ಆಗಸ್ಟ್ ಸಂಬಳದ ಜೊತೆ ಅವರ ಕೈ ಸೇರಿತು.