ಅಪ್ಪನ ಪ್ರಾಸ್ಟೇಟ್ ಕ್ಯಾಪ್ಸೂಲ್, ಮಗನ ತಲೆಗೂದಲು

ಊರಿನಿಂದ ಸ್ವೀಡನ್‌ಗೆ ಬರುವಾಗ ನೀವು ತಿಂಗಳುಗಟ್ಟಲೆ ಸಾಕಾಗುವಷ್ಟು ಔಷಧಿ ತಂದಿರುತ್ತೀರಿ. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರಕ್ಕೆ ತೊಂದರೆ ಇರುವ ಹಿರಿಯರ ಔಷಧಿಗಳಲ್ಲಿ ಡ್ಯುಟಾಸ್ಟರೈಡ್ 0.5 ಮಿ.ಗ್ರಾಂ. ಕ್ಯಾಪ್ಸೂಲ್ ಇರುವುದುಂಟು. ಅದನ್ನು ನೋಡಿದ ಮಗನೋ ಅಳಿಯನೋ "ಇದು ಕೂದಲಿಗೂ ಒಳ್ಳೆಯದಂತೆ, ಒಂದು ಸ್ಟ್ರಿಪ್ ಕೊಡಿ" ಎಂದರೆ ಏನು ಹೇಳುತ್ತೀರಿ?

ಅವರ ಮಾತು ಪೂರ್ತಿ ಸುಳ್ಳಲ್ಲ. ಗಂಡಸರ ಮೈಯಲ್ಲಿ ಟೆಸ್ಟೋಸ್ಟೆರಾನ್‌ನಿಂದ ಡಿಎಚ್‌ಟಿ ಎಂಬ ಹಾರ್ಮೋನು ತಯಾರಾಗುತ್ತದೆ. ವಂಶಪಾರಂಪರ್ಯ ಬೊಕ್ಕತಲೆಯಲ್ಲಿ ಹಣೆಯ ಮೇಲಿನ ಮತ್ತು ನೆತ್ತಿಯ ಕೂದಲನ್ನು ಸಣಕಲು ಮಾಡುವುದು, ವಯಸ್ಸಾದಾಗ ಪ್ರಾಸ್ಟೇಟನ್ನು ಬೆಳೆಸುವುದು ಇದೇ. ಇದನ್ನು ತಯಾರಿಸುವ ಕಿಣ್ವದಲ್ಲಿ ಎರಡು ಬಗೆ. ಫಿನಾಸ್ಟರೈಡ್ ಮುಖ್ಯವಾಗಿ ಒಂದನ್ನು ತಡೆಯುತ್ತದೆ. ರಕ್ತದ ಡಿಎಚ್‌ಟಿ ಸುಮಾರು ಶೇ. 70ರಷ್ಟು ಇಳಿಯುತ್ತದೆ. ಡ್ಯುಟಾಸ್ಟರೈಡ್ ಎರಡನ್ನೂ ತಡೆಯುವುದರಿಂದ ಶೇ. 90ಕ್ಕೂ ಹೆಚ್ಚು ಇಳಿಯುತ್ತದೆ.

ಬಲ ಹೆಚ್ಚಾದಂತೆ ಬಿಡಿಸಿಕೊಳ್ಳುವುದೂ ಕಷ್ಟ. ಫಿನಾಸ್ಟರೈಡ್ ಒಂದೆರಡು ದಿನದಲ್ಲಿ ರಕ್ತದಿಂದ ಹೊರಹೋಗುತ್ತದೆ. ಡ್ಯುಟಾಸ್ಟರೈಡ್ ಅರ್ಧಕ್ಕೆ ಇಳಿಯಲು ಸುಮಾರು ಐದು ವಾರ ಬೇಕು. ಲೈಂಗಿಕ ಆಸಕ್ತಿ ಕುಗ್ಗಿತು, ಎದೆಭಾಗ ಊದಿತು ಎಂದು ನಿಲ್ಲಿಸಿದರೂ ಔಷಧಿ ತಿಂಗಳುಗಟ್ಟಲೆ ಒಳಗೇ ಇರುತ್ತದೆ. ಅದಕ್ಕೇ ಕೊನೆಯ ಕ್ಯಾಪ್ಸೂಲಿನ ನಂತರ ಆರು ತಿಂಗಳು ರಕ್ತದಾನ ಮಾಡಬಾರದು. ವೀರ್ಯಾಣು ಕಡಿಮೆಯಾಗಬಹುದು, ಮಗು ಬೇಕೆನ್ನುವ ದಂಪತಿಗೆ ಇದು ಸಣ್ಣ ವಿಷಯವಲ್ಲ.

ದಕ್ಷಿಣ ಕೊರಿಯಾ, ಜಪಾನ್‌ಗಳಲ್ಲಿ ಕೂದಲಿಗೂ ಇದಕ್ಕೆ ಅನುಮತಿಯಿದೆ. ಸ್ವೀಡನ್‌ನಲ್ಲಿ ಅನುಮತಿ ಪ್ರಾಸ್ಟೇಟ್‌ಗೆ ಮಾತ್ರ. ಕೂದಲಿಗೆ ಬರೆದರೆ ಅದು ವೈದ್ಯರ ಸ್ವಂತ ಹೊಣೆ. ಮೊದಲು ಬರುವುದು ಫಿನಾಸ್ಟರೈಡ್ 1 ಮಿ.ಗ್ರಾಂ. ಅದನ್ನು ತಪ್ಪದೆ ಒಂದು ವರ್ಷ ತೆಗೆದುಕೊಂಡರೂ ಸಾಲದಾದ, ಅದರಿಂದ ತೊಂದರೆಯಾಗದ ಗಂಡಸರ ವಿಷಯದಲ್ಲಿ ಚರ್ಮವೈದ್ಯರು ಡ್ಯುಟಾಸ್ಟರೈಡ್ ಯೋಚಿಸುತ್ತಾರೆ. ಕೂದಲು ಬಿಲ್ಲೆಬಿಲ್ಲೆಯಾಗಿ ಅಥವಾ ಜ್ವರದ ನಂತರ ದಿಢೀರನೆ ಉದುರಿದರೆ ಕಾರಣವೇ ಬೇರೆ, ಅದಕ್ಕೆ ಇದು ಮದ್ದಲ್ಲ.

ಆದ್ದರಿಂದ ನಿಮ್ಮ ಸ್ಟ್ರಿಪ್ ಕೊಡಬೇಡಿ. ಅದರಲ್ಲಿ ಟ್ಯಾಮ್ಸುಲೋಸಿನ್ ಕೂಡ ಸೇರಿದ್ದರೆ ಎದ್ದು ನಿಂತಾಗ ರಕ್ತದೊತ್ತಡ ಇಳಿದು ಮಗನಿಗೆ ತಲೆ ಸುತ್ತಬಹುದು. ಸೊಸೆ ಅಥವಾ ಮಗಳು ಗರ್ಭಿಣಿಯಾಗಿದ್ದರೆ ಸೋರುವ ಕ್ಯಾಪ್ಸೂಲನ್ನು ಮುಟ್ಟಲೂಬಾರದು. ಔಷಧಿ ಚರ್ಮದ ಮೂಲಕ ಒಳಹೋಗಿ ಗಂಡು ಭ್ರೂಣದ ಜನನಾಂಗದ ಬೆಳವಣಿಗೆಗೆ ಅಡ್ಡಿಯಾಗಬಹುದು. ಮುಟ್ಟಿದ್ದರೆ ತಕ್ಷಣ ಸೋಪು ನೀರಿನಿಂದ ತೊಳೆಯಬೇಕು.

ಇನ್ನು ನಿಮ್ಮದೇ ವಿಷಯ. ಇಲ್ಲಿ ಪಿಎಸ್‌ಎ ರಕ್ತಪರೀಕ್ಷೆ ಮಾಡಿಸಿದರೆ ಈ ಕ್ಯಾಪ್ಸೂಲಿನ ಹೆಸರನ್ನು ಮೊದಲೇ ಹೇಳಿ. ಆರು ತಿಂಗಳು ತೆಗೆದುಕೊಂಡವರಲ್ಲಿ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ವರದಿಯಲ್ಲಿ 2.4 ಬಂದರೆ ವೈದ್ಯರು ಅದನ್ನು 4.8 ಎಂದು ಓದಬೇಕು. ಕ್ಯಾಪ್ಸೂಲ್ ತಪ್ಪದೆ ತೆಗೆದುಕೊಳ್ಳುತ್ತಿರುವಾಗಲೂ ಅಂಕಿ ಏರುತ್ತಿದ್ದರೆ, ಅದು ಎಷ್ಟೇ ಸಣ್ಣದಿರಲಿ, ತೋರಿಸಲೇಬೇಕು. ಕೂದಲಿಗೆಂದು ತೆಗೆದುಕೊಳ್ಳುವ ಮಗನಿಗೂ ಈ ಲೆಕ್ಕವೇ. ಸಂದೇಹವಿದ್ದರೆ 1177ಕ್ಕೆ ಮಗನಿಂದ ಕರೆ ಮಾಡಿಸಿ, ಸ್ಟ್ರಿಪ್ ಕೈಯಲ್ಲಿ ಹಿಡಿದುಕೊಂಡೇ ಮಾತನಾಡಿ.