ನಡುಗುವ ಕೈಗೆ ಒಗ್ಗುವ ಹೇರ್ ಡೈ

ಕೈ ನಡುಗುವ ಅಜ್ಜಂದಿರಿಗೆ ಪುಡಿ ಡೈ ಬೇಡ. ನೀರು ತುಸು ಹೆಚ್ಚಾದರೂ ಅದು ಹಣೆಗೆ ಇಳಿಯುತ್ತದೆ. ಗಟ್ಟಿ ಕ್ರೀಮ್ ಡೈ ಹಚ್ಚಿದಲ್ಲೇ ನಿಲ್ಲುತ್ತದೆ.

ಎರಡು ದಿನ ಮೊದಲೇ ಪೊಟ್ಟಣದಲ್ಲಿ ಹೇಳಿದಂತೆ ಚೂರು ಹಚ್ಚಿ ನೋಡಿ. ತುರಿಕೆ, ಊತ ಕಂಡರೆ ಆ ಡೈ ಬಿಟ್ಟುಬಿಡಿ. ಕಪ್ಪು ಡೈಗಳಲ್ಲಿ ಸಾಮಾನ್ಯವಾಗಿ ಇರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ಆಗಿಬರುವುದಿಲ್ಲ. ವರ್ಷಗಟ್ಟಲೆ ಹಚ್ಚಿದವರಿಗೂ ಅಲರ್ಜಿ ಹೊಸದಾಗಿ ಶುರುವಾಗಬಹುದು.

ಹಚ್ಚುವ ದಿನ ಬಚ್ಚಲ ಕನ್ನಡಿಯ ಮುಂದೆ ನಿಲ್ಲಬೇಡಿ, ಮೇಜಿನ ಮುಂದೆ ಕೂರಿ. ಹಳೆಯ ಬನಿಯನ್ ತೊಟ್ಟರೆ ಸಾಕು. ಬಟ್ಟಲಿನ ಕೆಳಗೆ ಒದ್ದೆ ಬಟ್ಟೆ ಹಾಸಿ, ಜಾರುವುದಿಲ್ಲ. ಹಣೆಯಂಚಿಗೂ ಕಿವಿಗೂ ವ್ಯಾಸಲೀನ್ ದಪ್ಪಗೆ ಸವರಿ, ಆಮೇಲೆ ಗ್ಲೌಸ್ ಹಾಕಿ. ಹಳೆಯ ಟೂತ್‌ಬ್ರಷ್‌ನ ಹಿಡಿಗೆ ಬಟ್ಟೆ ಸುತ್ತಿಕೊಂಡರೆ ಹಿಡಿತ ಸಿಗುತ್ತದೆ. ಎರಡೂ ಮೊಣಕೈ ಮೇಜಿಗೆ ಊರಿ, ಕೈ ಎತ್ತುವ ಬದಲು ತಲೆಯನ್ನೇ ಕೈಯತ್ತ ಬಗ್ಗಿಸಿ. ಆಸರೆ ಸಿಕ್ಕ ಕೈ ಅಷ್ಟು ಅದುರುವುದಿಲ್ಲ. ಕಪೋಲದ ಬಿಳಿಗೂದಲಿನಿಂದ ಶುರು ಮಾಡಿ. ನೆತ್ತಿಯ ಹಿಂಬದಿ ಮೊಮ್ಮಗನ ಪಾಲಿಗಿರಲಿ. ಹುಬ್ಬಿಗೆ ಮಾತ್ರ ಖಂಡಿತ ಬೇಡ, ಕಣ್ಣಿಗೆ ಅಪಾಯ.

ಪೊಟ್ಟಣದಲ್ಲಿ ಬರೆದಷ್ಟೇ ಹೊತ್ತು ಬಿಟ್ಟು, ಕಣ್ಣು ಮುಚ್ಚಿ, ನೀರು ತಿಳಿಯಾಗುವವರೆಗೆ ತೊಳೆಯಿರಿ. ಕಣ್ಣಿಗೆ ಹೋದರೆ ಕೂಡಲೇ ಧಾರಾಳ ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಿ.