‘ಭೋಗ್ಯ’ ಎಂಬ ಪದದ ಮುಂದೆ ನಿಂತವರ ಅರ್ಜಿ

ಅನುವಾದ ಸಂಸ್ಥೆಯೊಂದರಲ್ಲಿ ಕೆಲಸ ಕೇಳಿ ಬರುವ ಅರ್ಜಿಗಳನ್ನು ಓದುವ ಹೊಣೆ ಕೆಲವು ವರ್ಷ ನನ್ನದಾಗಿತ್ತು. ಕಾನೂನು ದಾಖಲೆಗಳ ಅನುವಾದಕ್ಕೆ ಬರುತ್ತಿದ್ದ ಹೆಚ್ಚಿನ ಪತ್ರಗಳಲ್ಲಿ ಎರಡು ಮಾತು ತಪ್ಪದೆ ಇರುತ್ತಿದ್ದವು: ‘ಎಲ್ಲ ಬಗೆಯ ಕಾನೂನು ಪತ್ರಗಳಲ್ಲೂ ಅನುಭವವಿದೆ’, ‘ಎಷ್ಟೇ ತುರ್ತಾದರೂ ಮಾಡಿಕೊಡುತ್ತೇನೆ’. ಈ ಎರಡರಿಂದ ಆ ವ್ಯಕ್ತಿಯ ಕೈಗೆ ಯಾವ ಕಡತ ಕೊಡಬಹುದು, ಅದು ಯಾವ ದಿನ ಮರಳಿ ಬರುತ್ತದೆ ಎಂಬುದು ಮಾತ್ರ ಗೊತ್ತಾಗುತ್ತಿರಲಿಲ್ಲ.

ಈ ಕೆಲಸ ಎಲ್ಲಿಂದ ಹುಟ್ಟುತ್ತದೆ ಎಂದು ಮೊದಲು ಹೇಳಬೇಕು. ನಮ್ಮ ತಾಲ್ಲೂಕು, ಜಿಲ್ಲಾ ನ್ಯಾಯಾಲಯಗಳಲ್ಲಿ ಸಾಕ್ಷಿ ಹೇಳಿಕೆಯಿಂದ ಹಿಡಿದು ಕ್ರಯಪತ್ರದವರೆಗೆ ಬಹಳಷ್ಟು ದಾಖಲೆ ಕನ್ನಡದಲ್ಲಿರುತ್ತದೆ. ಸಂವಿಧಾನದ 348ನೇ ವಿಧಿಯಂತೆ ಕರ್ನಾಟಕ ಹೈಕೋರ್ಟಿನ, ಸುಪ್ರೀಂ ಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ ನಡೆಯುತ್ತದೆ. ವ್ಯಾಜ್ಯ ದೆಹಲಿಗೆ ಹೊರಟಿತೆಂದರೆ ಕಡತದ ಕನ್ನಡ ಪುಟಗಳು ಇಂಗ್ಲಿಷಿಗೆ ಬರಲೇಬೇಕು. ಹೈಕೋರ್ಟ್ ತೀರ್ಪಿನ ವಿರುದ್ಧ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ ಹಾಕಲು ಸಾಮಾನ್ಯವಾಗಿ 90 ದಿನ ಕಾಲಾವಕಾಶ. ವಕೀಲರನ್ನು ಗೊತ್ತುಮಾಡಿ, ಹಣ ಹೊಂದಿಸಿ, ಕಡತ ಕೂಡಿಸುವಷ್ಟರಲ್ಲಿ ಅದರ ಬಹುಭಾಗ ಕಳೆದಿರುತ್ತದೆ. ಉಳಿದ ಕೊನೆಯ ವಾರ ಅನುವಾದಕರದು.

ಆ ದಿನಗಳಲ್ಲಿ ನಾನು ಒಪ್ಪಿಕೊಂಡ ಪತ್ರ ಹೇಗಿತ್ತೆಂದು ತೋರಿಸಲು ಒಂದು ಮಾದರಿ ಇಲ್ಲಿದೆ. ಇಂಥ ಪತ್ರಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತವೆ. ಓದುಗರಿಗಾಗಿ ಕನ್ನಡದಲ್ಲಿ ಕೊಟ್ಟಿದ್ದೇನೆ.

“ಮಾನ್ಯರೇ,

ಹನ್ನೊಂದು ವರ್ಷಗಳಿಂದ ಆಸ್ತಿ ವ್ಯಾಜ್ಯಗಳ ದಾಖಲೆಗಳನ್ನು ಕನ್ನಡದಿಂದ ಇಂಗ್ಲಿಷಿಗೆ ಅನುವಾದಿಸುತ್ತಿದ್ದೇನೆ. ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರ, ಉಯಿಲು, ಪಹಣಿ, ಸಿವಿಲ್ ದಾವೆಗಳ ಸಾಕ್ಷಿ ಹೇಳಿಕೆ ನನ್ನ ಕ್ಷೇತ್ರ. ಹಳೆಯ ಕೈಬರಹದ ಪತ್ರಗಳನ್ನು ಓದಬಲ್ಲೆ. ತೆರಿಗೆ ಮತ್ತು ಪೇಟೆಂಟ್ ಕೆಲಸ ಒಪ್ಪಿಕೊಳ್ಳುವುದಿಲ್ಲ.

ಟೈಪಾದ ಪುಟಗಳಾದರೆ ದಿನಕ್ಕೆ 2000 ಪದ, ಕೈಬರಹವಾದರೆ 900 ಪದ ಮಾಡುತ್ತೇನೆ. ಎಣಿಕೆ ಮೂಲ ಕನ್ನಡ ಪದಗಳದ್ದು. ದೊಡ್ಡ ಕಡತಕ್ಕೆ ಮೂಲದೊಡನೆ ತಾಳೆ ನೋಡಲು ಕೊನೆಯಲ್ಲಿ ಒಂದು ದಿನ ಬೇರೆ ಇಟ್ಟುಕೊಳ್ಳುತ್ತೇನೆ. ಓದಲಾಗದ ಪದವನ್ನು ಊಹಿಸಿ ತುಂಬುವುದಿಲ್ಲ. ಗುರುತು ಹಾಕಿ ಮೊದಲೆರಡು ದಿನಗಳಲ್ಲೇ ಕೇಳುತ್ತೇನೆ.

ಮಾದರಿಗೆಂದು ಕಕ್ಷಿದಾರರ ಯಾವ ಪತ್ರವನ್ನೂ ಕಳಿಸುತ್ತಿಲ್ಲ. ಹೆಸರು, ಊರು, ಸರ್ವೆ ನಂಬರು ಎಲ್ಲವನ್ನೂ ಕಲ್ಪಿಸಿ ನಾನೇ ಬರೆದ ಒಂದು ಸ್ವಾಧೀನ ಭೋಗ್ಯಪತ್ರ ಮತ್ತು ಅದರ ಅನುವಾದ ಲಗತ್ತಿಸಿದೆ.

ತಮ್ಮ ವಿಶ್ವಾಸಿ”

ಪತ್ರ ಇಷ್ಟೇ. ಆದರೆ ನನ್ನ ಕಣ್ಣು ಮೊದಲು ಹೋಗುವುದು ಲಗತ್ತಿಸಿದ ಆ ಭೋಗ್ಯಪತ್ರಕ್ಕೆ. ಬೆಂಗಳೂರಿನಲ್ಲಿ ಮನೆಯನ್ನು ‘ಭೋಗ್ಯಕ್ಕೆ’ ಹಾಕಿಕೊಂಡೆವು ಎಂದರೆ ಒಂದಿಷ್ಟು ಲಕ್ಷ ಒಟ್ಟಿಗೆ ಕೊಟ್ಟು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ವಾಸವಿರುವುದು. ಜನ ಅದನ್ನೇ ಲೀಸ್ ಎಂದೂ ಅನ್ನುತ್ತಾರೆ. ಹಳ್ಳಿಯ ಹಳೆಯ ‘ಸ್ವಾಧೀನ ಭೋಗ್ಯ’ ಬೇರೆಯೇ. ಅಲ್ಲಿ ಜಮೀನಿನ ಒಡೆಯ ಸಾಲ ಪಡೆದು, ಜಮೀನನ್ನು ಸಾಲ ಕೊಟ್ಟವರ ಸ್ವಾಧೀನಕ್ಕೆ ಬಿಟ್ಟಿರುತ್ತಾನೆ; ಬೆಳೆದದ್ದು ಬಡ್ಡಿಯ ಬಾಬ್ತಿಗೆ ಸಲ್ಲುತ್ತದೆ. ಇದು ಅಡಮಾನ. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಅಡಮಾನವನ್ನು 58ನೇ ಕಲಮಿನಲ್ಲಿ, ಗುತ್ತಿಗೆಯನ್ನು 105ನೇ ಕಲಮಿನಲ್ಲಿ ಬೇರೆ ಬೇರೆಯಾಗಿ ಹೇಳಿದೆ.

ಅಡಮಾನವಾದರೆ ಸಾಲ ತೀರಿಸಿ ಜಮೀನು ಬಿಡಿಸಿಕೊಳ್ಳುವ ಹಕ್ಕು ಒಡೆಯನಿಗೂ ಅವನ ಮಕ್ಕಳಿಗೂ ಇರುತ್ತದೆ. ಗುತ್ತಿಗೆಯಲ್ಲಿ ಈ ಸಾಲದ ಸಂಬಂಧವೇ ಇಲ್ಲ. ಅನುವಾದಕರು ಪಟ್ಟಣದ ರೂಢಿಯಂತೆ ‘ಲೀಸ್’ ಎಂದು ಬರೆದುಬಿಟ್ಟರೆ, ಇಂಗ್ಲಿಷ್ ಪುಟವನ್ನಷ್ಟೇ ಓದುವ ವಕೀಲರಿಗೆ ವ್ಯಾಜ್ಯದ ಬುಡವೇ ತಪ್ಪಾಗಿ ಕಾಣುತ್ತದೆ. ಹಾಗಾಗಿ ಅನುಭವಿಗಳು ಆ ಪದದ ಮುಂದೆ ನಿಲ್ಲುತ್ತಾರೆ. ಪತ್ರದಲ್ಲಿ ‘ಸಾಲ’ ಎಂಬ ಮಾತಿದೆಯೇ, ಹಣ ಮರಳಿಸಿದ ದಿನ ಸ್ವಾಧೀನ ಬಿಟ್ಟುಕೊಡಬೇಕೆಂಬ ಷರತ್ತಿದೆಯೇ, ಬೆಳೆ ಯಾರದೆಂದು ಬರೆದಿದೆಯೇ ಎಂದು ನೋಡಿ ಪದ ಆರಿಸುತ್ತಾರೆ. ಅದರ ಪಕ್ಕದಲ್ಲಿ ಮೂಲ ಕನ್ನಡ ಪದವನ್ನೂ ಉಳಿಸುತ್ತಾರೆ.

ನಾನು ನೋಡುತ್ತಿದ್ದ ಇನ್ನೊಂದು ಜಾಗ ಷೆಡ್ಯೂಲು. ಪತ್ರದ ಕೊನೆಯಲ್ಲಿ ಸ್ವತ್ತಿನ ವಿಸ್ತೀರ್ಣ, ಚೆಕ್ಕುಬಂದಿ ಬರೆಯುವ ಭಾಗ ಅದು. ಅಲ್ಲಿ ‘1-20’ ಎಂದಿದ್ದರೆ ಒಂದು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಅದು ಒಂದೂವರೆ ಎಕರೆ. ಅದನ್ನು ದಶಮಾಂಶವೆಂದು ತಿಳಿದು ‘1.20 ಎಕರೆ’ ಎಂದು ಬರೆದವರಿದ್ದಾರೆ. ಹಾಗಾದರೆ ಅದು ಒಂದು ಎಕರೆ ಎಂಟು ಗುಂಟೆ ಮಾತ್ರ. ಹನ್ನೆರಡು ಗುಂಟೆ ಕಾಗದದ ಮೇಲೆ ಮಾಯ. ಗುಂಟೆಗೆ 1089 ಚದರಡಿಯಂತೆ ಲೆಕ್ಕ ಹಾಕಿದರೆ 13,068 ಚದರಡಿ. ಮೂವತ್ತು-ನಲವತ್ತರ ಸೈಟುಗಳು ಹತ್ತಕ್ಕಿಂತ ಹೆಚ್ಚು. ಕೈಬರಹದಲ್ಲಿ ಕನ್ನಡದ ೬ ಮತ್ತು ೯ ಕೂಡ ಹೀಗೇ ಮೋಸ ಮಾಡುತ್ತವೆ. ಅಂಥಲ್ಲಿ ಸರ್ವೆ ನಂಬರನ್ನು ಅದೇ ಕಡತದ ಪಹಣಿಯೊಡನೆ ತಾಳೆ ನೋಡಿದರೆ ಮಾತ್ರ ನಂಬಬಹುದು. ಪತ್ರದಲ್ಲಿ ಕೇಳಿದ ಆ ‘ಒಂದು ದಿನ ಬೇರೆ’ ಈ ಕೆಲಸಕ್ಕೆ.

ಇನ್ನು ವೇಗದ ಲೆಕ್ಕ. ನಲವತ್ತು ಪುಟದ ಒಂದು ಕಡತ ಬಂತೆನ್ನಿ. ಇಪ್ಪತ್ತೆಂಟು ಪುಟ ಟೈಪಾದ ಸಾಕ್ಷಿ ಹೇಳಿಕೆ, ಪುಟಕ್ಕೆ 200 ಪದದಂತೆ 5600. ಹನ್ನೆರಡು ಪುಟ ಕೈಬರಹದ ಪತ್ರ, ಪುಟಕ್ಕೆ 150ರಂತೆ 1800. ಪತ್ರದಲ್ಲಿ ಕೊಟ್ಟ ವೇಗದಲ್ಲಿ ಕೈಬರಹಕ್ಕೆ ಎರಡು ದಿನ, ಟೈಪಾದದ್ದಕ್ಕೆ ಮೂರು ದಿನ, ತಾಳೆಗೆ ಒಂದು ದಿನ: ಒಟ್ಟು ಆರು. ‘ನಲವತ್ತು ಪುಟವೇ, ಮೂರು ದಿನ ಸಾಕು’ ಎನ್ನುವವರು ಪುಟ ಎಣಿಸಿದ್ದಾರೆ, ತೆರೆದು ನೋಡಿಲ್ಲ.

ವಕೀಲರು ನಾಲ್ಕೇ ದಿನ ಕೊಟ್ಟರೆ ಕಡತವನ್ನು ಇಬ್ಬರಿಗೆ ಹಂಚಬೇಕಾಗುತ್ತದೆ. ಆಗ ಒಬ್ಬರು ‘ಅಡಮಾನ’ ಎಂದದ್ದನ್ನು ಇನ್ನೊಬ್ಬರು ‘ಗುತ್ತಿಗೆ’ ಎನ್ನುವ ಅಪಾಯವಿದೆ. ಅದಕ್ಕೇ ಕೈಬರಹದ ಮೂಲಪತ್ರವನ್ನು ಹಿರಿಯರಿಗೆ ಕೊಟ್ಟು, ಅವರು ಮೊದಲ ಸಂಜೆ ಕಳಿಸುವ ಪದಪಟ್ಟಿಯಂತೆ ಇನ್ನೊಬ್ಬರು ಸಾಕ್ಷಿ ಹೇಳಿಕೆಗಳನ್ನು ಮಾಡುವುದು ನಮ್ಮ ಪದ್ಧತಿಯಾಗಿತ್ತು. ಸಂಶಯಗಳನ್ನು ಮೊದಲೆರಡು ದಿನಗಳಲ್ಲೇ ಕೇಳುತ್ತೇನೆ ಎಂಬ ಸಾಲಿಗೆ ಇಲ್ಲಿ ಬೆಲೆ. ಕೊನೆಯ ರಾತ್ರಿ ಬಂದ ಪ್ರಶ್ನೆಗೆ ಉತ್ತರಿಸಲು ಮೂಲಪತ್ರ ಇಟ್ಟುಕೊಂಡ ಕಕ್ಷಿದಾರರು ದೂರದ ಊರಿನಲ್ಲಿರುತ್ತಾರೆ.

ಮಾದರಿಯ ವಿಷಯದಲ್ಲೂ ಒಂದು ಮಾತು. ಬೇರೆ ಯಾರದೋ ನಿಜವಾದ ಉಯಿಲನ್ನು, ಹೆಸರು ವಿಳಾಸ ಸಮೇತ, ‘ನನ್ನ ಹಿಂದಿನ ಕೆಲಸ’ ಎಂದು ಲಗತ್ತಿಸಿದವರ ಅರ್ಜಿಗಳೂ ನನಗೆ ಬಂದಿವೆ. ಅನುವಾದ ಚೆನ್ನಾಗಿಯೇ ಇತ್ತು. ಆದರೆ ಒಂದು ಮನೆತನದ ಗುಟ್ಟನ್ನು ನನಗೆ ಕಳಿಸಿದವರು ನಾಳೆ ನಮ್ಮ ಕಕ್ಷಿದಾರರದ್ದನ್ನು ಇನ್ನೊಬ್ಬರಿಗೆ ಕಳಿಸುತ್ತಾರೆ. ಅವರಿಗೆ ಕೆಲಸ ಕೊಡಲು ಮನಸ್ಸಾಗಲಿಲ್ಲ.

ಜರ್ಮನಿಯಂಥ ದೇಶಗಳಲ್ಲಿ ನ್ಯಾಯಾಲಯವೇ ಪ್ರಮಾಣವಚನ ಬೋಧಿಸಿ ನೇಮಿಸಿದ ಅನುವಾದಕರಿದ್ದಾರೆ. ನಮ್ಮಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಅಂಥ ಪಟ್ಟಿ ಇಲ್ಲ. ಕಡತ ಕೊಡುವವರ ಕೈಯಲ್ಲಿರುವುದು ಒಂದು ಪುಟದ ಪತ್ರ, ಎರಡು ಪುಟದ ಮಾದರಿ. ಅದರಲ್ಲಿ ‘ತೆರಿಗೆ ಕೆಲಸ ಒಪ್ಪಿಕೊಳ್ಳುವುದಿಲ್ಲ’ ಎಂಬ ಸಾಲು ಕಂಡಾಗಲೇ ‘ಆಸ್ತಿ ದಾಖಲೆ ಗೊತ್ತು’ ಎಂಬ ಸಾಲನ್ನು ನಾನು ನಂಬುತ್ತಿದ್ದದ್ದು.